ಪಿ-ವ್ಯಾಲ್ಯೂ ಎಲ್ಲಾ ಚೆನ್ನಾಗಿದೆ, ಆದ್ರೂ ಮ್ಯಾಚಿಂಗ್ ಸರಿ ಇಲ್ಲ ಅಂತಾರಲ್ಲ, ಯಾಕೆ?

ಪ್ರಶ್ನೆ: ಸರ್, ನಾನು ಕಲಬುರಗಿ ಕಡೆ ಒಂದು ಸಂಸ್ಥೆಯಲ್ಲಿ ಡೇಟಾ ಕೆಲಸ ಮಾಡ್ತೀನಿ. ನಾವು ಯುವಕರಿಗೆ ಮೂರು ತಿಂಗಳ ಎಲೆಕ್ಟ್ರಿಷಿಯನ್, ಟೇಲರಿಂಗ್ ತರಬೇತಿ ಕೊಡ್ತೀವಿ. ಕೋರ್ಸ್ ಮುಗಿಸಿದ 212 ಜನರಿಗೆ ಫೋನ್ ಮಾಡಿ ಈಗಿನ ಸಂಬಳ ಕೇಳಿದ್ವಿ. ಹೋಲಿಕೆಗೆ ಬೇರೆ ಪ್ರಾಜೆಕ್ಟಿಗೆ ಅಂತ ಮಾಡಿದ್ದ ಮನೆ ಮನೆ ಸರ್ವೇಯಿಂದ 640 ಜನರನ್ನ ತಗೊಂಡ್ವಿ. ಪ್ರೊಪೆನ್ಸಿಟಿ ಸ್ಕೋರ್ ಹಾಕಿ ಒಬ್ಬರಿಗೆ ಒಬ್ಬರಂತೆ ಮ್ಯಾಚ್ ಮಾಡಿದೆ. ಮಾಡೆಲ್‌ನ ಸಿ-ಸ್ಟ್ಯಾಟಿಸ್ಟಿಕ್ 0.89 ಬಂತು, ಮ್ಯಾಚ್ ಆದ ಮೇಲೆ ಟಿ-ಟೆಸ್ಟಲ್ಲಿ ಯಾವ ವೇರಿಯೇಬಲ್ಲೂ ಸಿಗ್ನಿಫಿಕೆಂಟ್ ಇಲ್ಲ. ಆದ್ರೂ ರಿಪೋರ್ಟ್ ನೋಡಿದ ಮೇಡಂ ಒಬ್ರು "ಬ್ಯಾಲೆನ್ಸ್ ತೋರಿಸಿಲ್ಲ, ಇದನ್ನ ತರಬೇತಿಯ ಪರಿಣಾಮ ಅನ್ನೋಕಾಗಲ್ಲ" ಅಂದ್ರು. ಇನ್ನೇನು ತೋರಿಸಬೇಕು? ಎಲ್ಲಿ ತಪ್ಪಿದೀನಿ?

ಉತ್ತರ: ಮೇಡಂ ಹೇಳಿದ್ದು ಸರಿ ಇದೆ. ಆದ್ರೆ ನಿಮ್ಮ ಕೆಲಸ ಪೂರ್ತಿ ಹಾಳಾಗಿದೆ ಅಂತಲ್ಲ, ನೀವು ಒಳ್ಳೇದು ಅಂತ ತೋರಿಸ್ತಿರೋ ಎರಡೂ ನಂಬರ್ ಒಳ್ಳೇದನ್ನ ತೋರಿಸೋ ನಂಬರೇ ಅಲ್ಲ, ಅಷ್ಟೇ. ನಿಮ್ಮ ಡೇಟಾ ನನ್ನ ಕೈಲಿಲ್ಲ, ಹಾಗಾಗಿ ಎಲ್ಲರ ಕಂಪ್ಯೂಟರಲ್ಲೂ ತೆಗೆದು ನೋಡಬಹುದಾದ ಒಂದು ಹಳೇ ಕೇಸ್ ಇಟ್ಕೊಂಡು ಹೇಳ್ತೀನಿ, ನಿಮ್ಮ ಕೇಸಿಗೂ ಅದಕ್ಕೂ ವಿಚಿತ್ರವಾಗಿ ಹೋಲಿಕೆ ಇದೆ.

1970ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ನ್ಯಾಷನಲ್ ಸಪೋರ್ಟೆಡ್ ವರ್ಕ್ ಅಂತ ಒಂದು ಕಾರ್ಯಕ್ರಮ ನಡೀತು. ಜೈಲಿಂದ ಬಂದವರು, ಡ್ರಗ್ಸ್ ಚಟ ಬಿಟ್ಟವರು, ಓದು ಅರ್ಧಕ್ಕೆ ಬಿಟ್ಟ ಹುಡುಗರು, ಸರ್ಕಾರದ ನೆರವಿನ ಮೇಲೆ ಬದುಕ್ತಿದ್ದ ಒಂಟಿ ತಾಯಂದಿರು, ಇಂಥವರಿಗೆ 9ರಿಂದ 18 ತಿಂಗಳು ಕೆಲಸ ಕೊಟ್ಟು, ಜೊತೇಲೇ ಪಳಗಿಸೋದು. ಇದರ ವಿಶೇಷ ಏನಂದ್ರೆ ಅರ್ಜಿ ಹಾಕಿದವರಲ್ಲಿ ಯಾರಿಗೆ ಸೀಟು ಅನ್ನೋದನ್ನ ಲಾಟರಿ ಎತ್ತಿ ತೀರ್ಮಾನ ಮಾಡಿದ್ರು, ಅಂದ್ರೆ ಸೀಟು ಸಿಕ್ಕವರೂ ಸಿಗದವರೂ ಮೊದಲಿಗೆ ಒಂದೇ ಥರದ ಜನ. ಹಾಗಾಗಿ ನಿಜವಾದ ಪರಿಣಾಮ ಎಷ್ಟು ಅಂತ ನಮಗೆ ಗೊತ್ತು. ಗಂಡಸರ ಪೈಕಿ ಇವತ್ತು ಎಲ್ಲರೂ ಬಳಸೋ ಗುಂಪಲ್ಲಿ ತರಬೇತಿ ಪಡೆದವರು 185 ಜನ, ಅವರ 1978ರ ಸರಾಸರಿ ಆದಾಯ 6,349 ಡಾಲರ್. ಲಾಟರಿಯಲ್ಲಿ ಸೀಟು ಸಿಗದ 260 ಜನರದ್ದು 4,555. ವ್ಯತ್ಯಾಸ 1,794 ಡಾಲರ್, ಅದೇ ತರಬೇತಿಯ ಪರಿಣಾಮ.

ಈಗ ರಾಬರ್ಟ್ ಲಲಾಂಡ್ ಅನ್ನೋ ಅರ್ಥಶಾಸ್ತ್ರಜ್ಞ 1986ರಲ್ಲಿ ಒಂದು ಕಿತಾಪತಿ ಮಾಡಿದ. ಸೀಟು ಸಿಗದವರನ್ನ ಪಕ್ಕಕ್ಕಿಟ್ಟು, ಅವರ ಜಾಗದಲ್ಲಿ ದೇಶದ ಸಾಮಾನ್ಯ ಸರ್ವೇಯಿಂದ ಜನರನ್ನ ತಂದು ಕೂರಿಸಿದ, ನೀವು ಆ ಮನೆ ಸರ್ವೇ ತಗೊಂಡ್ರಲ್ಲ ಹಾಗೇ. ಲಾಟರಿ ಇಲ್ಲದೇ ಇದ್ದಿದ್ರೆ ನಮ್ಮ ವಿಧಾನಗಳು ಸರಿ ಉತ್ತರಕ್ಕೆ ಬರ್ತಿದ್ವಾ ಅಂತ ನೋಡೋಕೆ. ಬರ್ಲಿಲ್ಲ. ಮೇಲಿನ 185 ಜನರ ಗುಂಪಿಗೇ ಲೆಕ್ಕ ಹಾಕಿದ್ರೂ, ಸಿಪಿಎಸ್ ಅನ್ನೋ ಸರ್ವೇಯ ಸುಮಾರು 16 ಸಾವಿರ ಜನರ ಜೊತೆ ನೇರವಾಗಿ ಹೋಲಿಸಿದ್ರೆ ತರಬೇತಿಯಿಂದ ಸುಮಾರು 8,500 ಡಾಲರ್ ನಷ್ಟ ಅಂತ ಬರುತ್ತೆ! ತರಬೇತಿ ಕೆಡಿಸ್ತು ಅಂತಲ್ಲ, ಆ ಸರ್ವೇಯವರು ಸರಾಸರಿ 33 ವರ್ಷದ, ಹೆಚ್ಚಿನವರು ಮದುವೆಯಾಗಿ ಸೆಟ್ಲ್ ಆದ ಜನ, ಇವರು 25ರ ಆಸುಪಾಸಿನ ಕೆಲಸ ಇಲ್ಲದ ಹುಡುಗರು.

ಇನ್ನೊಂದು ಸುಲಭದ ದಾರಿ ಇದೆ, ಅದೂ ನಡಿಯಲ್ಲ. ನಮ್ಮ ಹುಡುಗರದ್ದೇ ಮೊದಲಿನ ಆದಾಯ ನಂತರದ ಆದಾಯ ಹೋಲಿಸಿದ್ರೆ ಸಾಕಲ್ವಾ ಅಂತ ಬಹಳ ಸಂಸ್ಥೆಯವರು ಕೇಳ್ತಾರೆ. ಲಾಟರಿಯಲ್ಲಿ ಸೋತ ಆ 260 ಜನರನ್ನೇ ನೋಡಿ, 1975ರಲ್ಲಿ ಅವರ ಸರಾಸರಿ 1,267 ಡಾಲರ್, 1978ಕ್ಕೆ 4,555. ಆ ಕಾರ್ಯಕ್ರಮದ ತರಬೇತಿ ಇಲ್ಲದೇ ಮೂರೂವರೆ ಪಟ್ಟು ಏರಿದೆ. ಕೆಲಸ ಕಳ್ಕೊಂಡು ಕೆಳಗೆ ಬಿದ್ದಾಗಲೇ ಜನ ತರಬೇತಿ ಹುಡುಕ್ಕೊಂಡು ಬರೋದು, ಬಿದ್ದವರು ಸ್ವಲ್ಪ ದಿನಕ್ಕೆ ತಾವಾಗೇ ಏಳ್ತಾರೆ, ಏಳಿಸಿದ ಕ್ರೆಡಿಟ್ ನಮಗೆ ಬರುತ್ತೆ. ತರಬೇತಿಗೆ ಮುಂಚಿನ ಈ ಕುಸಿತವನ್ನ ಆರ್ಲಿ ಆಶನ್‌ಫೆಲ್ಟರ್ 1978ರಲ್ಲೇ ತೋರಿಸಿದ್ರು, ಅದಕ್ಕೆ ಆಶನ್‌ಫೆಲ್ಟರ್ ಡಿಪ್ ಅಂತಲೇ ಹೆಸರು. ಇದಕ್ಕೆ ಮತ್ತೆ ಬರ್ತೀನಿ, ನಿಮ್ಮ ಕೇಸಲ್ಲಿ ಇದೇ ದೊಡ್ಡ ಮುಳ್ಳು ಅಂತ ನನ್ನ ಅನುಮಾನ.

ಈಗ ಸ್ಕೋರ್ ವಿಷಯ. ಹತ್ತು ವಿಷಯದಲ್ಲೂ ಒಂದೇ ಥರ ಇರೋ ಜೋಡಿ ಹುಡುಕೋಕೆ ಹೋದ್ರೆ ಜನ ಸಿಗಲ್ಲ. ರೋಸೆನ್‌ಬಾಮ್ ಮತ್ತು ರೂಬಿನ್ 1983ರಲ್ಲಿ ಹೇಳಿದ್ದು ಇಷ್ಟು: ಆ ಹತ್ತನ್ನೂ ಸೇರಿಸಿ "ಈ ವ್ಯಕ್ತಿ ತರಬೇತಿಗೆ ಬರೋ ಸಂಭವ ಎಷ್ಟು" ಅಂತ ಒಂದೇ ನಂಬರ್ ಮಾಡ್ಕೊಳ್ಳಿ, ಅದು ನಿಜವಾಗ್ಲೂ ಸರಿ ಇದ್ರೆ, ಒಂದೇ ನಂಬರ್ ಇರೋರ ಗುಂಪಲ್ಲಿ ಬಂದವರಿಗೂ ಬರದವರಿಗೂ ಆ ಹತ್ತು ವಿಷಯ ಸರಾಸರಿಯಲ್ಲಿ ಸಮ ಆಗಿರುತ್ತೆ. ಇಲ್ಲಿ ಎರಡು ಮಾತು ಗಟ್ಟಿ ಹಿಡ್ಕೊಳ್ಳಿ. ಒಂದು, ಸಮ ಆಗೋದು ಗುಂಪು, ಜೋಡಿ ಅಲ್ಲ, 0.4 ಸ್ಕೋರ್ ಇರೋ ಇಬ್ಬರು ಪೂರ್ತಿ ಬೇರೆ ಥರದ ಮನುಷ್ಯರಿರಬಹುದು. ಎರಡು, ನಮ್ಮ ಮಾಡೆಲ್ ಸರಿ ಇದೆ ಅಂತ ಯಾರೂ ಬರೆದುಕೊಟ್ಟಿಲ್ಲ, ಹಾಗಾಗಿ ಸಮ ಆಯ್ತಾ ಅಂತ ತೆಗೆದು ನೋಡಲೇಬೇಕು. ಬ್ಯಾಲೆನ್ಸ್ ಚೆಕ್ ಅಂದ್ರೆ ಅದೇ.

ನಿಮ್ಮ ಸಿ-ಸ್ಟ್ಯಾಟಿಸ್ಟಿಕ್ ಇಲ್ಲೇ ಉಲ್ಟಾ ಹೊಡೆಯೋದು. 0.89 ಅಂದ್ರೆ ಏನು? ನಿಮ್ಮ ಮಾಡೆಲ್ ತರಬೇತಿಯವರನ್ನೂ ಸರ್ವೇಯವರನ್ನೂ ನೋಡಿದ ಕೂಡ್ಲೇ ಬೇರೆ ಮಾಡಬಲ್ಲದು ಅಂತ. ಹೋಲಿಕೆ ಮಾಡೋಕೆ ಹೊರಟವರಿಗೆ ಅದು ಸಿಹಿ ಸುದ್ದಿ ಅಲ್ಲ ಕಣ್ರೀ, ಎರಡು ಗುಂಪು ಒಂದರ ಮೇಲೊಂದು ಕೂರ್ತಿಲ್ಲ ಅಂತ ಅರ್ಥ. ಈ ನಂಬರ್ ಏರಿಸೋಕೆ ಅಂತ ಜನ ಸಿಕ್ಕಿದ್ದೆಲ್ಲಾ ಮಾಡೆಲ್‌ಗೆ ತುಂಬ್ತಾರೆ. ನಾನೇ ತುಂಬಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತರಬೇತಿ ಕಾರ್ಯಕ್ರಮದ ಲೆಕ್ಕಕ್ಕೆ "ಬ್ಯಾಂಕ್ ಖಾತೆ ಇದೆಯಾ" ಅನ್ನೋದನ್ನ ಸೇರಿಸಿದೆ, ಮಾಡೆಲ್ ಅದ್ಭುತವಾಗಿ ಕೂತ್ಕೊಂಡ್ತು, ಎರಡು ವಾರ ಖುಷಿಯಾಗಿದ್ದೆ. ಆಮೇಲೆ ಫೀಲ್ಡಿನವರೊಬ್ರು ಟೀ ಕುಡೀತಾ ಹೇಳಿದ್ರು, ಸ್ಟೈಪೆಂಡ್ ಹಾಕೋಕೆ ಅಂತ ನಾವೇ ಎಲ್ಲರಿಗೂ ಖಾತೆ ತೆರೆಸಿದ್ವಿ ಸರ್ ಅಂತ. ತರಬೇತಿ ಶುರುವಾದ ಮೇಲೆ ಬದಲಾಗಬಹುದಾದ ಯಾವುದೂ ಸ್ಕೋರಿಗೆ ಹೋಗಬಾರದು. ಒಳಗೆ ಹೋಗಬೇಕಾದ್ದು ಮುಂದಿನ ಸಂಬಳದ ಮೇಲೆ ಪ್ರಭಾವ ಇರೋ ಹಳೇ ವಿಷಯಗಳು: ವಯಸ್ಸು, ಓದು, ಹಿಂದಿನ ಕೆಲಸ, ಹಿಂದಿನ ಆದಾಯ. ತರಬೇತಿಗೆ ಬರೋದನ್ನ ಮಾತ್ರ ಹೇಳಿ ಸಂಬಳಕ್ಕೆ ಸಂಬಂಧನೇ ಇಲ್ಲದ ವೇರಿಯೇಬಲ್ ಸೇರಿಸಿದ್ರೆ ಸಿ-ಸ್ಟ್ಯಾಟಿಸ್ಟಿಕ್ ಏರುತ್ತೆ, ಜೋಡಿ ಸಿಗೋರು ಕಮ್ಮಿ ಆಗ್ತಾರೆ, ಲಾಭ ಏನೂ ಇಲ್ಲ.

ಟಿ-ಟೆಸ್ಟ್ ಯಾಕೆ ಬೇಡ ಅಂದ್ರೆ, ಅದು ವ್ಯತ್ಯಾಸ ಎಷ್ಟಿದೆ ಅನ್ನೋದರ ಜೊತೆಗೆ ಜನ ಎಷ್ಟಿದ್ದಾರೆ ಅನ್ನೋದನ್ನೂ ಅಳೆಯುತ್ತೆ. ಒಂದು ಗುಂಪಲ್ಲಿ 40% ಜನ ಹತ್ತನೇ ಕ್ಲಾಸ್ ಪಾಸು, ಇನ್ನೊಂದರಲ್ಲಿ 30% ಅನ್ಕೊಳ್ಳಿ. ಎರಡೂ ಕಡೆ 500 ಜನ ಇದ್ರೆ ಪಿ-ವ್ಯಾಲ್ಯೂ 0.001ಕ್ಕಿಂತ ಕೆಳಗೆ. ಅದೇ 40, ಅದೇ 30, ಜನ ಮಾತ್ರ 60-60 ಅಂತ ಮಾಡಿ, ಪಿ-ವ್ಯಾಲ್ಯೂ ಸುಮಾರು 0.25 ಆಗುತ್ತೆ. ಏನೂ ಸಮ ಆಗಿಲ್ಲ, ಜನರನ್ನ ಬಿಸಾಕಿದ್ವಿ ಅಷ್ಟೇ. ಮ್ಯಾಚಿಂಗ್ ಅಂದ್ರೇನೇ ಜನರನ್ನ ಬಿಡೋದು, 640ರಲ್ಲಿ ನೀವು 428 ಜನರನ್ನ ಬಿಟ್ಟಿದೀರಿ, ಹಾಗಾಗಿ ಟಿ-ಟೆಸ್ಟ್ ಪಾಸಾಗೋದು ಅರ್ಧ ಪುಕ್ಕಟೆ. ಅದರ ಬದಲು ಎರಡು ಸರಾಸರಿಗಳ ವ್ಯತ್ಯಾಸವನ್ನ ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸಿ ನೋಡಿ, ಇದಕ್ಕೆ ಸ್ಟ್ಯಾಂಡರ್ಡೈಸ್ಡ್ ಮೀನ್ ಡಿಫರೆನ್ಸ್ ಅಂತಾರೆ. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು 0.21, ಜನ 500 ಇರಲಿ 60 ಇರಲಿ. ಸಾಮಾನ್ಯವಾಗಿ 0.1ರ ಒಳಗಿದ್ರೆ ಪರವಾಗಿಲ್ಲ ಅಂತ ತಗೋತೀವಿ, ಹಿಂದಿನ ಆದಾಯದಂಥ ಮುಖ್ಯ ವಿಷಯಕ್ಕೆ ನಾನು ಇನ್ನೂ ಬಿಗಿ ಮಾಡ್ತೀನಿ.

ಈಗ ಆರ್ ತೆರೀರಿ. MatchIt ಪ್ಯಾಕೇಜ್ ಜೊತೆಗೇ lalonde ಅನ್ನೋ ಡೇಟಾ ಬರುತ್ತೆ, ಮೇಲೆ ಹೇಳಿದ ಅದೇ 185 ಜನ ಮತ್ತು ಬೇರೆ ಒಂದು ಸರ್ವೇಯಿಂದ ಆರಿಸಿದ 429 ಜನ.

```r
library(MatchIt)
data("lalonde")
m1 <- matchit(treat ~ age + educ + race + married +
              nodegree + re74 + re75, data = lalonde)
summary(m1)
```

ನೀವು ಮಾಡಿದ್ದೂ ಇದೇ, ಒಬ್ಬರಿಗೆ ಒಬ್ಬರು, ಒಮ್ಮೆ ಬಳಸಿದವರನ್ನ ಮತ್ತೆ ಬಳಸೋ ಹಾಗಿಲ್ಲ. ರಿಸಲ್ಟಲ್ಲಿ ಮೊದಲು 1974ರ ಆದಾಯ ನೋಡಿ: ಮ್ಯಾಚಿಂಗ್‌ಗೆ ಮುಂಚೆ ವ್ಯತ್ಯಾಸ −0.72, ಆಮೇಲೆ −0.05. ಭಲೇ ಅನ್ನಿಸುತ್ತೆ. ವಯಸ್ಸು 0.07, ಅದೂ ಓಕೆ. ಎಷ್ಟೋ ಜನ ಇಲ್ಲಿಗೇ ನಿಲ್ಲಿಸಿಬಿಡ್ತಾರೆ. ಕಪ್ಪುವರ್ಣದವರ ಸಾಲು ನೋಡಿ, ತರಬೇತಿಯವರಲ್ಲಿ 84%, ಮ್ಯಾಚ್ ಆದ ಹೋಲಿಕೆ ಗುಂಪಲ್ಲಿ 47%. ವ್ಯತ್ಯಾಸ 1ಕ್ಕಿಂತ ಜಾಸ್ತಿ, 0.1 ಅಲ್ಲ ಮತ್ತೆ, ಒಂದು! ಆ ಕಾಲದ ಅಮೆರಿಕದ ಕೂಲಿ ಮಾರ್ಕೆಟ್ಟಲ್ಲಿ ಬಣ್ಣ ಸಣ್ಣ ವಿಷಯ ಅಲ್ಲ.

ಯಾಕೆ ಹೀಗಾಯ್ತು ಅಂತ ಕೈಲೆ ಲೆಕ್ಕ ಹಾಕಬಹುದು. 185 ಜನರಲ್ಲಿ ಕಪ್ಪುವರ್ಣದವರು 156. ಸರ್ವೇಯ 429ರಲ್ಲಿ ಕಪ್ಪುವರ್ಣದವರು ಇರೋದೇ 87. ಒಬ್ಬರಿಗೆ ಒಬ್ಬರು ಅಂದ ಮೇಲೆ ಅಷ್ಟೂ 87 ಜನರನ್ನ ತಂದು ಜೋಡಿ ಮಾಡಿದ್ರೂ ಇನ್ನೂ 69 ಜನರಿಗೆ ಬೇರೆ ಬಣ್ಣದವರನ್ನೇ ಕೊಡಬೇಕು. 87ನ್ನ 185ರಿಂದ ಭಾಗಿಸಿ, ಅದೇ 47% ಬರುತ್ತೆ. ಅಂದ್ರೆ ಕಂಪ್ಯೂಟರ್ ಇದ್ದವರನ್ನೆಲ್ಲಾ ಬಳಸಿ ಖಾಲಿ ಮಾಡಿದೆ, ಮಾಡೆಲ್‌ಗೆ ಸ್ಕ್ವೇರ್ ಹಾಕಿ, ಇಂಟರಾಕ್ಷನ್ ಹಾಕಿ, ಲಾಜಿಟ್ ಬಿಟ್ಟು ಪ್ರೋಬಿಟ್ ಹಾಕಿ, ಹೀಗೆ ಒಬ್ಬರಿಗೊಬ್ಬರು ಅಂತ ಹೊರಟ್ರೆ 47ರ ಮೇಲೆ ಹೋಗೋಕೆ ಸಾಧ್ಯನೇ ಇಲ್ಲ. ಮದುವೆಗೆ 156 ಊಟ ಬೇಕು, ಎಲೆ ಇರೋದು 87, ಬಡಿಸೋರನ್ನ ಬದಲಾಯಿಸಿದ್ರೆ ಎಲೆ ಜಾಸ್ತಿ ಆಗುತ್ತಾ? ನಿಮ್ಮ ಡೇಟಾದಲ್ಲೂ ಮ್ಯಾಚಿಂಗ್‌ಗೆ ಮುಂಚೆ ಇಷ್ಟು ಮಾಡಿ: ಮುಖ್ಯ ವಿಷಯಗಳಿಗೆ ಆ ಕಡೆ ಎಷ್ಟು ಜನ, ಈ ಕಡೆ ಎಷ್ಟು ಜನ ಅಂತ ಬರೀ ಎಣಿಸಿ. ಐಟಿಐ ಓದಿದವರು, 22ರ ಒಳಗಿನ ಹೆಣ್ಣುಮಕ್ಕಳು, ಹೀಗೆ. ಅರ್ಧ ಗಂಟೆ ಕೆಲಸ.

ಎಲೆ ಸಾಲದಿದ್ದಾಗ ದಾರಿ ಇಲ್ಲ ಅಂತಲ್ಲ, ಆದ್ರೆ ಎಲ್ಲಕ್ಕೂ ಬೆಲೆ ಇದೆ. ಸ್ಕೋರಲ್ಲಿ ಇಂತಿಷ್ಟಕ್ಕಿಂತ ದೂರ ಇರೋರನ್ನ ಜೋಡಿ ಮಾಡಬೇಡ ಅಂತ ಬೇಲಿ ಹಾಕಬಹುದು, ಅದನ್ನ ಕ್ಯಾಲಿಪರ್ ಅಂತಾರೆ, ಲಾಜಿಟ್ ಸ್ಕೋರಿನ ಸ್ಟ್ಯಾಂಡರ್ಡ್ ಡೀವಿಯೇಷನ್‌ನ 0.2 ಪಟ್ಟು ಅಂತ ಇಡೋದು ರೂಢಿ. ಬ್ಯಾಲೆನ್ಸ್ ಸುಧಾರಿಸುತ್ತೆ, ಆದ್ರೆ ಜೋಡಿ ಸಿಗದ ತರಬೇತಿಯವರು ಹೊರಗೆ ಹೋಗ್ತಾರೆ. ಆಗ ನಿಮ್ಮ ಉತ್ತರ "ನಮ್ಮ 212 ಜನರಿಗೆ ಎಷ್ಟು ಲಾಭ ಆಯ್ತು" ಅನ್ನೋದಕ್ಕಲ್ಲ, ಉಳಿದುಕೊಂಡವರಿಗೆ ಮಾತ್ರ. ಹೊರಗೆ ಹೋಗೋರು ಸಾಮಾನ್ಯವಾಗಿ ತೀರಾ ಹಿಂದುಳಿದವರೇ, ಯಾಕಂದ್ರೆ ಅಂಥವರು ಸರ್ವೇಲಿ ಕಮ್ಮಿ. ಕಾರ್ಯಕ್ರಮ ಇದ್ದಿದ್ದೇ ಅವರಿಗೋಸ್ಕರ. ಬಿಟ್ಟವರು ಎಂಥವರು ಅಂತ ರಿಪೋರ್ಟಲ್ಲಿ ಒಂದು ಪ್ಯಾರಾ ಬರೀಲೇಬೇಕು. ಇನ್ನೊಂದು ದಾರಿ, ಯಾರನ್ನೂ ಬಿಡದೆ ಪುಟ್ಟ ಪುಟ್ಟ ಗುಂಪು ಮಾಡಿ ತೂಕ ಕೊಡೋ ಫುಲ್ ಮ್ಯಾಚಿಂಗ್, ಇದಕ್ಕೆ optmatch ಪ್ಯಾಕೇಜೂ ಹಾಕ್ಕೊಂಡಿರಬೇಕು:

```r
m2 <- matchit(treat ~ age + educ + race + married +
              nodegree + re74 + re75, data = lalonde,
              method = "full", link = "probit")
summary(m2)
```

ಇದರಲ್ಲಿ ಬಣ್ಣದ ವ್ಯತ್ಯಾಸ ಹೆಚ್ಚುಕಮ್ಮಿ ಮಾಯ ಆಗುತ್ತೆ. ಆದ್ರೆ ಕೆಳಗೆ ಸ್ಯಾಂಪಲ್ ಸೈಜ್ ಇರೋ ಟೇಬಲ್ ನೋಡೋಕೆ ಮರೀಬೇಡಿ: 429 ಜನ ಕಾಗದದ ಮೇಲೆ ಇದ್ದಾರೆ, ಪರಿಣಾಮಕಾರಿ ಸಂಖ್ಯೆ ಸುಮಾರು 50 ಮಾತ್ರ. ಕೆಲವೇ ಜನರ ಮೇಲೆ ಪೂರ್ತಿ ಹೊರೆ ಬಿದ್ದಿದೆ, ಅವರಲ್ಲಿ ಒಬ್ಬ ತನ್ನ ಆದಾಯ ತಪ್ಪು ಹೇಳಿದ್ರೂ ಉತ್ತರ ಅಲ್ಲಾಡುತ್ತೆ. ನನಗೆ ಆಯ್ಕೆ ಕೊಟ್ರೆ ಇದನ್ನೇ ತಗೋತೀನಿ, ಆದ್ರೆ ಆ 50ನ್ನ ಮುಚ್ಚಿಡಲ್ಲ. ಇಲ್ಲಿ ಇನ್ನೊಂದು: ಯಾವ ವಿಧಾನ ಅಂತ ಆರಿಸೋವಾಗ ಸಂಬಳದ ಕಾಲಂ ಮುಚ್ಚಿಟ್ಟಿರಿ. ಬ್ಯಾಲೆನ್ಸ್ ನೋಡಿ ಆರಿಸಬೇಕೇ ಹೊರತು ಯಾವುದರಲ್ಲಿ ಸಂಬಳ ಜಾಸ್ತಿ ಬಂತು ಅಂತ ನೋಡಿ ಅಲ್ಲ. ಬೇಕಾದಷ್ಟು ಮಾಡೆಲ್ ಓಡಿಸಿದ್ರೆ ಬೇಕಾದ ಉತ್ತರ ಸಿಗುತ್ತೆ, ಅದು ಯಾರಿಗೂ ಗೊತ್ತಿಲ್ಲದ ವಿಷಯ ಏನಲ್ಲ.

ಸರಿ, ಬ್ಯಾಲೆನ್ಸ್ ಎಲ್ಲಾ 0.1ರ ಒಳಗೆ ಬಂತು ಅನ್ಕೊಳ್ಳೋಣ. ಆಗ ಪರಿಣಾಮ ಅನ್ನಬಹುದಾ? ಇಲ್ಲೇ ಈ ಕೇಸಿನ ಎರಡನೇ ಅಧ್ಯಾಯ ಬರೋದು. 1999ರಲ್ಲಿ ರಾಜೀವ್ ದೆಹೇಜಿಯಾ ಮತ್ತು ಸಾದೆಕ್ ವಾಹ್ಬಾ ಇದೇ ಡೇಟಾಗೆ ಪ್ರೊಪೆನ್ಸಿಟಿ ಸ್ಕೋರ್ ಹಾಕಿ, ಲಾಟರಿಯ 1,794ರ ಹತ್ತಿರ ಬರೋ ಉತ್ತರ ತೋರಿಸಿದ್ರು. ಈ ವಿಧಾನ ಅಷ್ಟು ಜನಪ್ರಿಯ ಆಗಿದ್ದಕ್ಕೆ ಅದೂ ಒಂದು ದೊಡ್ಡ ಕಾರಣ. ಆದ್ರೆ ಅವರು ಲಲಾಂಡ್ ಬಳಸಿದ ಪೂರ್ತಿ ಗುಂಪನ್ನ ಬಳಸಿರಲಿಲ್ಲ, 1974ರ ಆದಾಯವೂ ಗೊತ್ತಿರೋರನ್ನ ಮಾತ್ರ ತಗೊಂಡಿದ್ರು. ಲಲಾಂಡ್‌ನ ಪೂರ್ತಿ ಗುಂಪು 297 ಮತ್ತು 425, ಅದರಲ್ಲಿ ಲಾಟರಿ ಪ್ರಕಾರದ ಪರಿಣಾಮ 886 ಡಾಲರ್. 2005ರಲ್ಲಿ ಜೆಫ್ರಿ ಸ್ಮಿತ್ ಮತ್ತು ಪೆಟ್ರಾ ಟಾಡ್ ಮತ್ತೆ ತೆಗೆದು ನೋಡಿದ್ರು: ಗುಂಪು ಸ್ವಲ್ಪ ಬದಲಾಯಿಸಿದ್ರೆ, ಸ್ಕೋರಲ್ಲಿ ಹಾಕೋ ವೇರಿಯೇಬಲ್ ಬದಲಾಯಿಸಿದ್ರೆ ಆ ಹತ್ತಿರದ ಉತ್ತರ ಜಾರಿ ಹೋಗುತ್ತೆ. ವಿಧಾನ ಸುಳ್ಳು ಅಂತಲ್ಲ ಅವರು ಹೇಳಿದ್ದು, ಡೇಟಾ ಬಡವಾಗಿದ್ರೆ ವಿಧಾನ ಅದನ್ನ ಶ್ರೀಮಂತ ಮಾಡಲ್ಲ ಅಂತ. ಹೆಕ್‌ಮನ್ ಮತ್ತವರ ಜೊತೆಗಾರರು ಇನ್ನೊಂದು ತರಬೇತಿ ಕಾರ್ಯಕ್ರಮದಲ್ಲಿ ನೋಡಿದಾಗಲೂ ಮೂರು ವಿಷಯ ತುಂಬಾ ಮುಖ್ಯ ಅಂತ ಬಂತು: ಎರಡೂ ಗುಂಪಿಗೆ ಒಂದೇ ಪ್ರಶ್ನಾವಳಿ, ಎರಡೂ ಗುಂಪು ಒಂದೇ ಊರ ಕೂಲಿ ಮಾರ್ಕೆಟ್ಟಿನವರು, ಮತ್ತು ಕೆಲಸದ ಹಿಂದಿನ ಇತಿಹಾಸ ಚೆನ್ನಾಗಿ ಗೊತ್ತಿರೋದು.

ನಿಮ್ಮದನ್ನ ಇದರ ಪಕ್ಕ ಇಡಿ. ನಿಮ್ಮವರಿಗೆ ಫೋನಲ್ಲಿ, ತರಬೇತಿ ಕೊಟ್ಟ ಸಂಸ್ಥೆಯವರೇ, ಸಂಬಳ ಎಷ್ಟು ಅಂತ ಕೇಳಿದೀರಿ. ಆ 640 ಜನರಿಗೆ ಮನೆ ಬಾಗಿಲಲ್ಲಿ, ಬೇರೆ ಯಾವುದೋ ಕೆಲಸಕ್ಕೆ, ಬಹುಶಃ ಬೇರೆ ತಿಂಗಳಲ್ಲಿ. ಹತ್ತಿ ಬಿಡಿಸೋ ಕಾಲದಲ್ಲಿ ಕೇಳಿದ ದಿನಗೂಲಿಗೂ ಬೇಸಿಗೆಯಲ್ಲಿ ಕೇಳಿದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ನಿಮಗೆ ನಾನು ಹೇಳಬೇಕಿಲ್ಲ. ಇದು ಮ್ಯಾಚಿಂಗಲ್ಲಿ ಹೋಗೋ ತಪ್ಪಲ್ಲ, ಏನೇ ಮಾಡಿದ್ರೂ ಉತ್ತರದೊಳಗೆ ಕೂತೇ ಇರುತ್ತೆ.

ಅದಕ್ಕಿಂತ ಕೆಟ್ಟದ್ದು ಒಂದಿದೆ, ನೀವೇ ಪ್ರಶ್ನೇಲಿ ಸಲೀಸಾಗಿ ಬರೆದಿದೀರಿ: "ಕೋರ್ಸ್ ಮುಗಿಸಿದ" 212 ಜನ. ಸೇರಿ ಅರ್ಧಕ್ಕೆ ಬಿಟ್ಟವರು ಎಲ್ಲಿ? ಬಿಟ್ಟು ಹೋಗೋರು, ಫೋನ್ ಎತ್ತದವರು ಇವರೆಲ್ಲ ಸುಮ್ನೆ ಹಾಗಾಗಿರಲ್ಲ, ಶಿಸ್ತು, ಮನೆ ಪರಿಸ್ಥಿತಿ, ಛಲ, ಇವೆಲ್ಲಾ ಅದರಲ್ಲಿ ಇರುತ್ತೆ. ಮೂರು ತಿಂಗಳು ಬಿಡದೆ ಬಂದವನಿಗೆ ತರಬೇತಿ ಇಲ್ದಿದ್ರೂ ಕೆಲಸ ಸಿಗೋ ಸಾಧ್ಯತೆ ಜಾಸ್ತಿ. ಸರ್ವೇಯ 640 ಜನರಲ್ಲಿ ಯಾರು ಮುಗಿಸ್ತಿದ್ರು ಯಾರು ಬಿಡ್ತಿದ್ರು ಅಂತ ಬೇರೆ ಮಾಡೋಕಾಗಲ್ಲ. ಹಾಗಾಗಿ ಸೇರಿದ ಎಲ್ಲರನ್ನೂ ತರಬೇತಿ ಗುಂಪು ಅಂತ ತಗೊಳ್ಳಿ, ಹಾಜರಿ ಪುಸ್ತಕದಲ್ಲಿ ಹೆಸರಿರೋರನ್ನೆಲ್ಲಾ ಹುಡುಕಿ. ಪರಿಣಾಮ ಕಮ್ಮಿ ಬರುತ್ತೆ, ಬರಲಿ.

ಇನ್ನು ಆ ಡಿಪ್. ಒಬ್ಬನಿಗೆ ಯಾವಾಗಲೂ ತಿಂಗಳಿಗೆ ಹನ್ನೆರಡು ಸಾವಿರ ಬರ್ತಿತ್ತು, ಕಾಂಟ್ರಾಕ್ಟ್ ಮುಗಿದು ಆರು ತಿಂಗಳಿಂದ ಮೂರು ಸಾವಿರಕ್ಕೆ ಬಂದಿದೆ, ನಿಮ್ಮಲ್ಲಿಗೆ ಬಂದ. ಇನ್ನೊಬ್ಬನಿಗೆ ಹುಟ್ಟಿದಾಗಿಂದ ಮೂರು ಸಾವಿರವೇ. ನಿಮ್ಮ ಹತ್ರ ಹಿಂದಿನ ಆರು ತಿಂಗಳ ಆದಾಯ ಮಾತ್ರ ಇದ್ರೆ ಇಬ್ಬರೂ ಸೊಗಸಾಗಿ ಮ್ಯಾಚ್ ಆಗ್ತಾರೆ, ಬ್ಯಾಲೆನ್ಸ್ ಟೇಬಲ್ಲಲ್ಲಿ ಸೊನ್ನೆ ಬರುತ್ತೆ. ವರ್ಷ ಕಳೆದ ಮೇಲೆ ಮೊದಲನೆಯವನು ಹನ್ನೆರಡಕ್ಕೆ ವಾಪಸ್ ಹೋಗಿರ್ತಾನೆ, ನೀವು ಒಂಬತ್ತು ಸಾವಿರ ತರಬೇತಿಯ ಲಾಭ ಅಂತ ಬರೀತೀರಿ. ಬ್ಯಾಲೆನ್ಸ್ ಟೇಬಲ್ ತನ್ನಲ್ಲಿರೋ ಕಾಲಂಗಳ ಬಗ್ಗೆ ಮಾತ್ರ ಮಾತಾಡುತ್ತೆ, ನೀವು ಕೇಳದ ಪ್ರಶ್ನೆ ಬಗ್ಗೆ ಅದಕ್ಕೆ ಬಾಯಿಲ್ಲ. ಕನಿಷ್ಠ ಎರಡು ಬೇರೆ ಬೇರೆ ಹಳೇ ಕಾಲದ ಆದಾಯ ಬೇಕು.

ಎರಡು ಇದ್ರೆ ಇನ್ನೊಂದು ಚೆಂದದ ಪರೀಕ್ಷೆ ಮಾಡಬಹುದು, ನನ್ನ ಪ್ರಕಾರ ನಿಮ್ಮ ಮೇಡಂಗೆ ತೋರಿಸೋಕೆ ಇದಕ್ಕಿಂತ ಗಟ್ಟಿ ಬೇರೆ ಇಲ್ಲ. ಒಂದು ವರ್ಷದ ಹಳೇ ಆದಾಯವನ್ನ ಸ್ಕೋರಿಂದ ಹೊರಗಿಡಿ, ಉಳಿದದ್ದರಲ್ಲಿ ಮ್ಯಾಚ್ ಮಾಡಿ, ಆಮೇಲೆ ಆ ಹೊರಗಿಟ್ಟ ಹಳೇ ಆದಾಯದ ಮೇಲೆ ತರಬೇತಿಯ "ಪರಿಣಾಮ" ಲೆಕ್ಕ ಹಾಕಿ. ಮುಂದೆ ಆಗೋ ತರಬೇತಿ ಹಿಂದಿನ ಸಂಬಳವನ್ನ ಬದಲಾಯಿಸೋಕಾಗಲ್ಲ, ಉತ್ತರ ಸೊನ್ನೆ ಹತ್ತಿರ ಬರಬೇಕು. ತಿಂಗಳಿಗೆ ಸಾವಿರ ರೂಪಾಯಿ ಬಂತು ಅಂದ್ರೆ ನಿಮ್ಮ ಗುಂಪುಗಳ ನಡುವೆ ಕಾಣದ ವ್ಯತ್ಯಾಸ ಹೆಚ್ಚುಕಮ್ಮಿ ಅಷ್ಟಿದೆ, ಅಸಲಿ ಉತ್ತರದಲ್ಲೂ ಅದು ನುಸುಳಿರುತ್ತೆ. ಸೊನ್ನೆ ಬಂದ್ರೂ ಪೂರ್ತಿ ಗೆದ್ದಂಗಲ್ಲ, ಆದ್ರೆ ಫೇಲ್ ಆದ್ರೆ ಮುಂದೆ ಹೋಗೋ ಅರ್ಥ ಇಲ್ಲ. ಹಳೇ ಆದಾಯ ಎರಡೂ ಕಡೆ ನಂಬೋ ಹಾಗಿದ್ರೆ, ಈಗಿನ ಸಂಬಳದ ಬದಲು ಹಿಂದಿನದಕ್ಕೂ ಈಗಿನದಕ್ಕೂ ಆದ ಏರಿಕೆಯನ್ನ ಹೋಲಿಸಿ, ಸ್ಮಿತ್ ಮತ್ತು ಟಾಡ್ ನೋಡಿದಾಗ ಆ ಥರದ ಲೆಕ್ಕ ಕಮ್ಮಿ ಜಾರ್ತಿತ್ತು. ಆದ್ರೆ ಅದಕ್ಕೆ ಕುಸಿದ ವರ್ಷವನ್ನೇ ಬುಡ ಅಂತ ಇಡಬೇಡಿ, ಅದಕ್ಕೂ ಹಿಂದಿನ ವರ್ಷ ತಗೊಳ್ಳಿ.

ಸ್ಟ್ಯಾಂಡರ್ಡ್ ಎರರ್ ಬಗ್ಗೆ ಒಂದೇ ಮಾತು: ಒಬ್ಬರನ್ನೇ ಹಲವು ಸಲ ಬಳಸೋ ಹತ್ತಿರದ-ಜೋಡಿ ಮ್ಯಾಚಿಂಗ್‌ಗೆ ಮಾಮೂಲಿ ಬೂಟ್‌ಸ್ಟ್ರ್ಯಾಪ್ ಹಾಕಬೇಡಿ, ಅದು ಅಲ್ಲಿ ಕೆಲಸ ಮಾಡಲ್ಲ ಅಂತ ಅಬಾಡಿ ಮತ್ತು ಇಂಬೆನ್ಸ್ 2008ರಲ್ಲೇ ತೋರಿಸಿದ್ದಾರೆ. ಫುಲ್ ಮ್ಯಾಚಿಂಗ್ ಮಾಡಿದ್ರೆ ತೂಕ ಹಾಕಿ ರಿಗ್ರೆಷನ್ ಓಡಿಸಿ, ಎರರನ್ನ ಮ್ಯಾಚ್ ಆದ ಗುಂಪಿನ ಮೇಲೆ ಕ್ಲಸ್ಟರ್ ಮಾಡಿ.

ಮುಂದಿನ ಬ್ಯಾಚಿಗೆ ಸೀಟಿಗಿಂತ ಅರ್ಜಿ ಜಾಸ್ತಿ ಬರುತ್ತಾ? ಬಂದ್ರೆ ಸೀಟು ಸಿಗದವರ ಅರ್ಜಿ ಬಿಸಾಕಬೇಡಿ, ಫೋನ್ ನಂಬರ್ ಸಮೇತ ಇಟ್ಕೊಳ್ಳಿ, ಅವರೂ ತರಬೇತಿ ಬೇಕು ಅಂತ ಬಸ್ ಹತ್ತಿ ಬಂದವರೇ, ಅದೇ ಊರವರು, ಅದೇ ಅರ್ಜಿ ಫಾರಂ ತುಂಬಿದವರು. ಆ ಫಾರಂಲಿ ಹಿಂದಿನ ಎರಡು ವರ್ಷದ ಕೆಲಸ, ಆದಾಯ ಕೇಳೋ ಎರಡು ಸಾಲು ಈಗಲೇ ಸೇರಿಸಿಬಿಡಿ. ಅಂಥ 150 ಜನ ಸಿಕ್ಕರೆ ಈ 640ಕ್ಕಿಂತ ಎಷ್ಟೋ ಮೇಲು.